ಮೂರು ತಿಂಗಳ ಲಾಭವನ್ನು ಆಡಿಟರ್ ಪ್ರಶ್ನಿಸುವ ಬಗೆ

ಷೇರುಪೇಟೆಯಲ್ಲಿರುವ ಕಂಪನಿಗಳ ತ್ರೈಮಾಸಿಕ ಫಲಿತಾಂಶದ ಜೊತೆ ಆಡಿಟರ್ ಸಹಿ ಇರುವ ಒಂದು ಚಿಕ್ಕ ವರದಿಯೂ ಅನೇಕ ಸಲ ಇರುತ್ತದೆ. ಅದರ ಕೊನೆಯ ವಾಕ್ಯ ಓದಿದರೆ ಸ್ವಲ್ಪ ವಿಚಿತ್ರ ಅನಿಸುತ್ತದೆ. "ಈ ಲೆಕ್ಕ ಸರಿಯಾಗಿದೆ" ಎಂದು ಅಲ್ಲಿ ಬರೆದಿರುವುದಿಲ್ಲ. "ಈ ಲೆಕ್ಕ ನಿಯಮದಂತೆ ತಯಾರಾಗಿಲ್ಲ ಎಂದು ನಂಬುವಂಥ ಯಾವ ಸಂಗತಿಯೂ ನಮ್ಮ ಗಮನಕ್ಕೆ ಬಂದಿಲ್ಲ" ಎಂಬರ್ಥದ ಮಾತಿರುತ್ತದೆ. ಹೀಗೆ ಬಳಸಿ ಹೇಳುವುದಕ್ಕೆ ಕಾರಣವಿದೆ. ಆಡಿಟರ್ ಇಲ್ಲಿ ಮಾಡಿದ್ದು ಪೂರ್ತಿ ಆಡಿಟ್ ಅಲ್ಲ, ರಿವ್ಯೂ.

ವರ್ಷದ ಕೊನೆಯ ಆಡಿಟ್‌ನಲ್ಲಿ ಗೋದಾಮಿನ ದಾಸ್ತಾನು ಎಣಿಸುವಾಗ ಆಡಿಟರ್ ಹೋಗಿ ನೋಡುತ್ತಾರೆ. ಗಿರಾಕಿಗಳಿಗೆ ಪತ್ರ ಬರೆದು "ನೀವು ಇಷ್ಟು ಕೊಡಬೇಕಿರುವುದು ನಿಜವೇ?" ಎಂದು ಕೇಳುತ್ತಾರೆ. ಬಿಲ್, ಒಪ್ಪಂದ, ಬ್ಯಾಂಕ್ ದಾಖಲೆಗಳನ್ನು ತೆಗೆಸಿ ನೋಡುತ್ತಾರೆ. ರಿವ್ಯೂನಲ್ಲಿ ಸಾಮಾನ್ಯವಾಗಿ ಇದು ಯಾವುದೂ ಇರುವುದಿಲ್ಲ. ಕಂಪನಿಯ ಆಡಿಟರೇ ಮಾಡುವ ಇಂಥ ರಿವ್ಯೂಗೆ ಐಎಸ್‌ಆರ್‌ಇ 2410 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ ಕೆಲಸ ನಿಂತಿರುವುದು ಮುಖ್ಯವಾಗಿ ಎರಡರ ಮೇಲೆ: ಹಣಕಾಸು ನೋಡಿಕೊಳ್ಳುವವರನ್ನು ಪ್ರಶ್ನೆ ಕೇಳುವುದು, ಅಂಕಿಗಳನ್ನು ಒಂದರ ಪಕ್ಕ ಇನ್ನೊಂದು ಇಟ್ಟು ತಾಳೆ ನೋಡುವುದು. ಜೊತೆಗೆ ಫಲಿತಾಂಶದ ಅಂಕಿಗಳು ಲೆಕ್ಕದ ಪುಸ್ತಕಕ್ಕೆ ಹೊಂದುತ್ತವೆಯೇ ಎಂದು ನೋಡುವುದು, ಬೋರ್ಡ್ ಸಭೆಗಳ ನಡಾವಳಿ ಓದುವುದು, ಕೊನೆಯಲ್ಲಿ ಆಡಳಿತದಿಂದ ಲಿಖಿತ ಹೇಳಿಕೆ ಪಡೆಯುವುದು.

ಬರೀ ಕೇಳಿ, ಬರೀ ಹೋಲಿಸಿ ಏನು ಗೊತ್ತಾಗುತ್ತದೆ ಎಂಬ ಅನುಮಾನ ಸಹಜ. ಪ್ರಶ್ನೆ ಒಂದೇ ಇದ್ದರೆ ನಿಜಕ್ಕೂ ಹೆಚ್ಚೇನೂ ಗೊತ್ತಾಗುವುದಿಲ್ಲ. ಅಂಕಿ ಒಂದೇ ಇದ್ದರೂ ಅಷ್ಟೆ. ಸಿಕ್ಕ ಉತ್ತರವನ್ನು ಮತ್ತೆ ಅಂಕಿಯಾಗಿ ಬದಲಿಸಿ ಲೆಕ್ಕದ ಎದುರು ನಿಲ್ಲಿಸಿದಾಗ ಮಾತ್ರ ಬಿರುಕು ಕಾಣುತ್ತದೆ. ಇದನ್ನು ಒಂದು ಕಾಲ್ಪನಿಕ ಕಂಪನಿಯ ಮೂಲಕ ನೋಡೋಣ.

ಈ ಕಂಪನಿ ನೀರೆತ್ತುವ ಪಂಪ್ ತಯಾರಿಸಿ ವಿತರಕರಿಗೆ ಮಾರುತ್ತದೆ. ವಿತರಕರಿಗೆ 60 ದಿನ ಸಾಲದ ಗಡುವು. ಹೋದ ವರ್ಷ ಇದೇ ತ್ರೈಮಾಸಿಕದಲ್ಲಿ ಮಾರಾಟ 300 ಕೋಟಿ, ತೆರಿಗೆಗೆ ಮುಂಚಿನ ಲಾಭ 20 ಕೋಟಿ. ಈ ಸಲ ಮಾರಾಟ 345 ಕೋಟಿ, ಲಾಭ 24 ಕೋಟಿ. ಮಾರಾಟ ಶೇ 15 ಏರಿದೆ, ಲಾಭ ಶೇ 20 ಏರಿದೆ. ನೋಡಲು ಚೆನ್ನಾಗಿದೆ, ಅಲ್ವಾ?

ಅನುಭವಿ ಆಡಿಟರ್ ಈ ಅಂಕಿಗಳನ್ನು ನೋಡುವುದಕ್ಕೂ ಮುಂಚೆ ಒಂದು ಕೆಲಸ ಮಾಡಿರುತ್ತಾರೆ. ಹಿಂದಿನ ಆಡಿಟ್‌ನಿಂದ ಗೊತ್ತಿರುವ ವಿಷಯ, ಬೆಲೆಯಲ್ಲಾದ ಬದಲಾವಣೆ, ಮಾರುಕಟ್ಟೆಯ ಸ್ಥಿತಿ ಇವನ್ನೆಲ್ಲ ಇಟ್ಟುಕೊಂಡು ಮಾರಾಟ ಎಷ್ಟಿರಬಹುದು, ಬಾಕಿ ಎಷ್ಟಿರಬಹುದು ಎಂದು ತಮ್ಮದೇ ಅಂದಾಜು ಬರೆದಿಟ್ಟಿರುತ್ತಾರೆ. ಈ ಕ್ರಮ ತಿರುಗಿಸಿದರೆ ಕೆಲಸ ಕೆಡುತ್ತದೆ. ಕಂಪನಿ ಕೊಟ್ಟ ಅಂಕಿಯನ್ನು ಮೊದಲು ನೋಡಿದವರಿಗೆ ಅದೇ ಸಹಜ ಅನಿಸತೊಡಗುತ್ತದೆ. ಆಮೇಲೆ ಅವರು ಅದಕ್ಕೆ ಕಾರಣ ಹುಡುಕುತ್ತಾರೆಯೇ ಹೊರತು ಅದನ್ನು ಪರೀಕ್ಷಿಸುವುದಿಲ್ಲ.

ನಮ್ಮ ಕಂಪನಿಯಲ್ಲಿ ಕಣ್ಣು ಕುಕ್ಕಿದ್ದು ಮಾರಾಟ ಅಲ್ಲ, ವಿತರಕರಿಂದ ಬರಬೇಕಾದ ಬಾಕಿ. ಹೋದ ವರ್ಷ ಈ ಹೊತ್ತಿಗೆ ಬಾಕಿ 200 ಕೋಟಿ ಇತ್ತು. ಈ ಸಲ 300 ಕೋಟಿ. ಬಾಕಿಯನ್ನು ಮಾರಾಟದಿಂದ ಭಾಗಿಸಿ 90 ದಿನದಿಂದ ಗುಣಿಸಿದರೆ ಎಷ್ಟು ದಿನದ ಮಾರಾಟ ಇನ್ನೂ ವಸೂಲಾಗಿಲ್ಲ ಎಂಬುದು ಸಿಗುತ್ತದೆ. ಹೋದ ವರ್ಷ ಅದು 60 ದಿನ. ಈ ಸಲ ಸುಮಾರು 78 ದಿನ.

ಆಡಿಟರ್ ಹಣಕಾಸು ಮುಖ್ಯಸ್ಥರನ್ನು ಕೇಳುತ್ತಾರೆ. ಉತ್ತರ ತಕ್ಷಣ ಬರುತ್ತದೆ: "ಕೊನೆಯ ತಿಂಗಳಲ್ಲಿ ಹೊಸ ಮಾದರಿ ಬಿಟ್ಟೆವು. ಮಾರಾಟ ಜೋರಾಗಿ ಆಯಿತು. ಆ ಬಿಲ್‌ಗಳ ಗಡುವು ಇನ್ನೂ ಮುಗಿದಿಲ್ಲ."

ಇದು ನಂಬಬಹುದಾದ ಉತ್ತರ. ರಿವ್ಯೂನಲ್ಲಿ ಇಂಥ ಪ್ರತಿ ಉತ್ತರಕ್ಕೂ ದಾಖಲೆ ಕೇಳಬೇಕೆಂಬ ನಿಯಮವಿಲ್ಲ. ಆದರೆ ಉತ್ತರ ಒಪ್ಪುವಂತಿರಬೇಕು, ಆಡಿಟರ್‌ಗೆ ಗೊತ್ತಿರುವ ಬೇರೆ ಸಂಗತಿಗಳಿಗೆ ಹೊಂದಬೇಕು. ಅನೇಕ ರಿವ್ಯೂಗಳು ಸೊರಗುವುದು ಇದೇ ಜಾಗದಲ್ಲಿ ಎಂಬುದು ನನ್ನ ಅಭಿಪ್ರಾಯ. "ಹೊಸ ಮಾದರಿಯಿಂದ ಬಾಕಿ ಏರಿದೆ" ಎಂದು ಫೈಲಿನಲ್ಲಿ ಬರೆದು ಸುಮ್ನೆ ಮುಂದೆ ಹೋಗಿಬಿಡುತ್ತಾರೆ. ಆ ಕಾರಣದಿಂದ ಎಷ್ಟು ಏರಿದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ.

ನಾವು ಹಾಕೋಣ. ಮಾರಾಟವನ್ನು ತಿಂಗಳುವಾರು ಒಡೆದರೆ ಹೋದ ವರ್ಷ ಪ್ರತಿ ತಿಂಗಳೂ 100 ಕೋಟಿ. ಈ ಸಲ 95, 95, ಕೊನೆಯ ತಿಂಗಳು 155. ಗಡುವು 60 ದಿನ ಎಂದರೆ ತ್ರೈಮಾಸಿಕದ ಕೊನೆಗೆ ಹೆಚ್ಚುಕಡಿಮೆ ಕೊನೆಯ ಎರಡು ತಿಂಗಳ ಬಿಲ್ ಮಾತ್ರ ಬಾಕಿ ಉಳಿಯಬೇಕು. ಹೋದ ವರ್ಷ 100 ಮತ್ತು 100 ಸೇರಿ 200, ಸರಿಯಾಗಿ ಹೊಂದುತ್ತದೆ. ಈ ಸಲ 95 ಮತ್ತು 155 ಸೇರಿ 250 ಆಗಬೇಕಿತ್ತು. ಪುಸ್ತಕದಲ್ಲಿ ಇರುವುದು 300. ಅಂದರೆ ಬಾಕಿ ಏರಿದ್ದು 100 ಕೋಟಿ, ಮುಖ್ಯಸ್ಥರ ಉತ್ತರ ವಿವರಿಸುವುದು 50 ಕೋಟಿ. ಅವರು ಸುಳ್ಳು ಹೇಳಿಲ್ಲ. ಅವರು ಹೇಳಿದ್ದು ಅರ್ಧ ದಾರಿಗೆ ಸಾಕಾಗುತ್ತದೆ, ಅಷ್ಟೆ.

ಉಳಿದ 50 ಕೋಟಿ ಎಲ್ಲಿಯದು? ಬಾಕಿಯನ್ನು ಬಿಲ್‌ಗಳ ವಯಸ್ಸಿನ ಪ್ರಕಾರ ವಿಂಗಡಿಸಿದ ಪಟ್ಟಿ ಸಾಮಾನ್ಯವಾಗಿ ಕಂಪನಿಗಳಲ್ಲಿ ಇರುತ್ತದೆ. ಅದನ್ನು ನೋಡಿದರೆ ಆ 50 ಕೋಟಿ ಮೊದಲ ತಿಂಗಳ ಬಿಲ್‌ಗಳದ್ದು. ಗಡುವು ಮುಗಿದಿದೆ, ಹಣ ಬಂದಿಲ್ಲ. ಇದು ಮೊದಲ ಉತ್ತರದ ಜೊತೆ ಜಗಳವಾಡುತ್ತದೆ. ಹಳೆ ಬಿಲ್ ಕಟ್ಟದ ವಿತರಕರು ಕೊನೆಯ ತಿಂಗಳಲ್ಲಿ ಅಷ್ಟೊಂದು ಹೊಸ ಮಾಲು ಯಾಕೆ ತೆಗೆದುಕೊಂಡರು? ಕಂಪನಿ ಅವರಿಗೆ ಯಾಕೆ ಕೊಟ್ಟಿತು?

ಈಗ ಪ್ರಶ್ನೆ ಮಾರಾಟ ವಿಭಾಗದ ಮುಖ್ಯಸ್ಥರ ಕಡೆ ತಿರುಗುತ್ತದೆ. ಕೇಳುವ ರೀತಿಯೂ ಮುಖ್ಯ. "ಎಲ್ಲ ಮಾರಾಟವೂ ಮಾಮೂಲಿ ಷರತ್ತಿನಲ್ಲೇ ಆಗಿದೆ ತಾನೇ?" ಎಂದು ಕೇಳಿದರೆ "ಹೌದು" ಎಂಬ ಉತ್ತರ ಮೊದಲೇ ತಯಾರಾಗಿರುತ್ತದೆ. "ಕೊನೆಯ ಹತ್ತು ದಿನ ವಿತರಕರಿಗೆ ಏನೇನು ಹೇಳಿ ಮಾಲು ಕಳಿಸಿದಿರಿ?" ಎಂದು ಕೇಳಿದರೆ ಅವರು ನಡೆದದ್ದನ್ನು ಹೇಳಬೇಕಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಉತ್ತರ ಹೀಗಿದೆ: "ಗುರಿ ಮುಟ್ಟಬೇಕಿತ್ತು. ಹಳೆ ಬಾಕಿಗೆ ಆತುರ ಇಲ್ಲ, ಹೊಸ ಮಾಲು ಇಟ್ಟುಕೊಳ್ಳಿ ಎಂದೆವು. ಕೆಲವರಿಗೆ 90 ದಿನದಲ್ಲಿ ಮಾರಾಟವಾಗದಿದ್ದರೆ ವಾಪಸ್ ಕಳಿಸಬಹುದು ಎಂದು ಪತ್ರವನ್ನೂ ಕೊಟ್ಟೆವು." ಅತ್ತ ಬೋರ್ಡ್ ನಡಾವಳಿಯಲ್ಲೂ ವಿತರಕರಿಗೆ ವಿಶೇಷ ಯೋಜನೆಗೆ ಒಪ್ಪಿಗೆ ಕೊಟ್ಟ ಒಂದು ಸಾಲು ಇದೆ. ಮೊದಲ ಸಲ ಓದಿದಾಗ ಅದು ಸಾಮಾನ್ಯ ರಿಯಾಯಿತಿಯಂತೆ ಕಂಡಿತ್ತು.

ಇಲ್ಲಿಗೆ ಬಂದ ಮೇಲೆ ಬರೀ ಪ್ರಶ್ನೆ ಸಾಲದು. ಲೆಕ್ಕದಲ್ಲಿ ಗಣನೀಯ ತಿದ್ದುಪಡಿ ಬೇಕೇನೋ ಎಂಬ ಅನುಮಾನ ಬಂದರೆ ಆಡಿಟರ್ ಹೆಚ್ಚಿನ ಕೆಲಸ ಮಾಡಲೇಬೇಕು. ಮಾರಾಟದ ಷರತ್ತುಗಳನ್ನು ಸಂಬಂಧಪಟ್ಟವರ ಜೊತೆ ಚರ್ಚಿಸುವುದು, ಒಪ್ಪಂದವನ್ನೇ ಓದುವುದು ಇದಕ್ಕೆ ಮಾನದಂಡವೇ ಕೊಡುವ ಉದಾಹರಣೆ. ಹಾಗಾಗಿ ಪತ್ರಗಳನ್ನು ತರಿಸಿ ಓದುತ್ತಾರೆ. 40 ಕೋಟಿ ಮಾರಾಟಕ್ಕೆ ವಾಪಸಾತಿ ಹಕ್ಕು ಇದೆ ಎಂದು ತಿಳಿಯುತ್ತದೆ. ವಿತರಕರ ಹಳೆಯ ಮಾರಾಟದ ವೇಗ ನೋಡಿದರೆ ಅದರಲ್ಲಿ ಅರ್ಧ, ಅಂದರೆ 20 ಕೋಟಿ ಮೊತ್ತದ ಪಂಪ್‌ಗಳು ಮರಳಿ ಬರುವ ಸಾಧ್ಯತೆ ಇದೆ ಎಂದಿಟ್ಟುಕೊಳ್ಳೋಣ. ಮರಳಿ ಬರುತ್ತದೆ ಎಂದು ನಿರೀಕ್ಷಿಸುವ ಮಾಲನ್ನು ಆದಾಯ ಎಂದು ತೋರಿಸುವಂತಿಲ್ಲ.

20 ಕೋಟಿ ಎಂದರೆ 345 ಕೋಟಿ ಮಾರಾಟದ ಶೇ 6ಕ್ಕಿಂತ ಕಡಿಮೆ. ದೊಡ್ಡದಲ್ಲ ಎಂದು ಕಂಪನಿಯವರು ವಾದಿಸಬಹುದು. ಆದರೆ ಪಂಪ್‌ನ ತಯಾರಿಕಾ ವೆಚ್ಚ ಮಾರಾಟ ಬೆಲೆಯ ಶೇ 70 ಎಂದುಕೊಂಡರೆ, 20 ಕೋಟಿ ಆದಾಯದ ಜೊತೆ 14 ಕೋಟಿ ವೆಚ್ಚವೂ ಹೋಗುತ್ತದೆ. ಲಾಭದಲ್ಲಿ ಖೋತಾ 6 ಕೋಟಿ. 24 ಕೋಟಿ ಇದ್ದ ಲಾಭ 18 ಕೋಟಿಗೆ ಇಳಿಯುತ್ತದೆ. ಹೋದ ವರ್ಷ 20 ಕೋಟಿ ಇತ್ತಲ್ಲ? ಶೇ 20 ಏರಿಕೆ ಎಂದು ಹೊರಬೀಳಬೇಕಿದ್ದ ಸುದ್ದಿ ಶೇ 10 ಇಳಿಕೆಯಾಗಿ ಬದಲಾಗುತ್ತದೆ. ಷೇರುದಾರರಿಗೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೇನು ಬೇಕು? ಮೊದಲ ತಿಂಗಳ 50 ಕೋಟಿ ಪೂರ್ತಿ ವಸೂಲಾಗುತ್ತದೆಯೇ, ಅದಕ್ಕೆ ನಷ್ಟದ ಬಾಬ್ತು ಎಷ್ಟು ತೆಗೆದಿಡಬೇಕು ಎಂಬ ಪ್ರಶ್ನೆ ಬೇರೆಯೇ ಇದೆ.

ಕಂಪನಿ ತಿದ್ದಿದರೆ ಸರಿ. ತಿದ್ದದಿದ್ದರೆ ಆಡಿಟರ್ ಮೊದಲು ಆಡಳಿತದ ಮೇಲ್ಮಟ್ಟದವರಿಗೆ ಹೇಳುತ್ತಾರೆ. ಅಲ್ಲೂ ತಕ್ಕ ಸಮಯದಲ್ಲಿ ಸ್ಪಂದನೆ ಸಿಗದಿದ್ದರೆ ಬೋರ್ಡ್‌ನ ಆಡಿಟ್ ಕಮಿಟಿಗೆ ತಿಳಿಸುತ್ತಾರೆ. ಆಮೇಲೂ ಬದಲಾಗದಿದ್ದರೆ ವರದಿಯ ಭಾಷೆ ಬದಲಾಗುತ್ತದೆ: "ಈ ಒಂದು ವಿಷಯ ಬಿಟ್ಟರೆ" ಎಂಬ ಮಾತು ಸೇರುತ್ತದೆ, ತಪ್ಪು ಇಡೀ ಲೆಕ್ಕವನ್ನೇ ಕೆಡಿಸುವಷ್ಟಿದ್ದರೆ ಲೆಕ್ಕ ನಿಯಮದಂತೆ ಇಲ್ಲ ಎಂದೇ ಬರೆಯಬೇಕಾಗುತ್ತದೆ. ಕೆಲಸದಿಂದ ಹಿಂದೆ ಸರಿಯುವ ಬಗ್ಗೆಯೂ ಅವರು ಯೋಚಿಸಬೇಕಾಗುತ್ತದೆ. ಹೂಡಿಕೆದಾರರು ವರದಿ ಓದುವಾಗ ಹುಡುಕಬೇಕಾದದ್ದು ಈ "ಬಿಟ್ಟರೆ" ಎಂಬ ಪದವನ್ನು.

ಇದರ ಮಿತಿಯನ್ನೂ ಹೇಳಬೇಕು. ಇಲ್ಲಿ ಬಿರುಕು ಕಂಡಿದ್ದು ಬಾಕಿ ಮತ್ತು ಮಾರಾಟ ಹೆಜ್ಜೆ ತಪ್ಪಿದ್ದರಿಂದ. ಕಂಪನಿಯವರು ಸುಳ್ಳು ಬಿಲ್ ಮಾಡಿ, ತಮ್ಮದೇ ಹಣವನ್ನು ಬೇರೆ ದಾರಿಯಲ್ಲಿ ಸುತ್ತಿಸಿ ವಿತರಕರ ಹೆಸರಿನಲ್ಲಿ ವಸೂಲಾಗಿದೆ ಎಂದು ತೋರಿಸಿದ್ದರೆ 60 ದಿನದ ಲೆಕ್ಕ ಹಾಗೇ ಉಳಿಯುತ್ತಿತ್ತು. ಹೋಲಿಕೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಗೋದಾಮಿನಲ್ಲಿ ಇಲ್ಲದ ಮಾಲನ್ನು ಇದೆ ಎಂದು ಬರೆದಿದ್ದರೂ ಎಣಿಸದವರಿಗೆ ಗೊತ್ತಾಗುವುದು ಕಷ್ಟ. ಪ್ರತಿ ತ್ರೈಮಾಸಿಕವೂ ಸ್ವಲ್ಪಸ್ವಲ್ಪವೇ ಉಬ್ಬಿಸುತ್ತಾ ಬಂದರೆ ಇನ್ನೂ ಕಷ್ಟ. ಹೋದ ವರ್ಷದ ಉಬ್ಬಿದ ಅಂಕಿಯೇ ಈ ವರ್ಷದ ಹೋಲಿಕೆಗೆ ಅಳತೆಗೋಲಾಗಿಬಿಡುತ್ತದೆ.

ಅದಕ್ಕೇ ಈ ಕೆಲಸ ಒಂದು ತ್ರೈಮಾಸಿಕಕ್ಕೆ ಮುಗಿಯುವುದಿಲ್ಲ. ನಮ್ಮ ಪಂಪ್ ಕಂಪನಿ 20 ಕೋಟಿಯ ತಿದ್ದುಪಡಿ ಒಪ್ಪಿಕೊಂಡಿತು ಎನ್ನೋಣ. ಮುಂದಿನ ರಿವ್ಯೂನಲ್ಲಿ ಆಡಿಟರ್ ಮೊದಲು ಕೇಳುವುದು ನಿಜಕ್ಕೂ ಎಷ್ಟು ಪಂಪ್ ವಾಪಸ್ ಬಂದವು, ಅವುಗಳ ಬಾಕಿ ಕಳೆಯಲು ಎಷ್ಟು ಕ್ರೆಡಿಟ್ ನೋಟ್ ಕೊಟ್ಟಿರಿ ಎಂದು. 20ರ ಬದಲು 35 ಕೋಟಿಯಷ್ಟು ಬಂದಿದ್ದರೆ ಕಂಪನಿಯ ಅಂದಾಜನ್ನು ಇನ್ನು ಮುಂದೆ ಎಷ್ಟು ನೆಚ್ಚಬಹುದು ಎಂಬುದೇ ಪ್ರಶ್ನೆಯಾಗುತ್ತದೆ. ವರ್ಷದ ಕೊನೆಯ ಆಡಿಟ್‌ನಲ್ಲಿ ಬಾಕಿ ಖಚಿತಪಡಿಸಿಕೊಳ್ಳಲು ಪತ್ರ ಬರೆಯುವಾಗ, ಆ ವಾಪಸಾತಿ ಪತ್ರ ಪಡೆದ ವಿತರಕರ ಹೆಸರು ಪಟ್ಟಿಯ ಮೇಲ್ಭಾಗದಲ್ಲಿರುತ್ತದೆ. ಆಗ ಮೊತ್ತದ ಜೊತೆ ಷರತ್ತುಗಳನ್ನೂ ಬರೆದು ತಿಳಿಸುವಂತೆ ಅವರನ್ನು ಕೇಳಲಾಗುತ್ತದೆ.