ಗೊಬ್ಬರದ ಉದ್ರಿ ಮತ್ತು ಕಲಂ 145: ಯಾರು ಯಾರಿಗೆ ನಷ್ಟ ತುಂಬಿಕೊಡಬೇಕು?

ಕರಾರು ಕಾಯ್ದೆಯ ಬಹು ಆಯ್ಕೆ ಪ್ರಶ್ನೆಗಳನ್ನು ಬಿಡಿಸುವಾಗ ನಾನು ಪದೇ ಪದೇ ಎಡವಿದ್ದು ಒಂದೇ ಕಡೆ. ಗ್ಯಾರಂಟಿ ಎಂದರೇನು, ಇಂಡೆಮ್ನಿಟಿ ಎಂದರೇನು ಎಂದು ಕೇಳಿದರೆ ಹೇಳಬಲ್ಲೆ. ಆದರೆ ಆಯ್ಕೆಗಳಲ್ಲಿ ಜಾಮೀನುದಾರ, ಮೂಲ ಸಾಲಗಾರ, ಸಾಲ ಕೊಟ್ಟವನು ಈ ಮೂವರ ಜಾಗ ಅದಲು ಬದಲಾದರೆ ಕೈ ತಪ್ಪುತ್ತಿತ್ತು.

ಇದಕ್ಕೆ ನಮ್ಮ ಭಾಷೆಯ ಪಾಲೂ ಇದೆ. ‘ಸಾಲಗಾರರ ಕಾಟ’ ಎಂದಾಗ ನಾವು ಹೇಳುವುದು ಸಾಲ ಕೊಟ್ಟು ಮನೆ ಬಾಗಿಲಿಗೆ ಬರುವವರನ್ನು. ಪಠ್ಯದಲ್ಲಿ ಅದೇ ಪದ ಸಾಲ ತೆಗೆದುಕೊಂಡವನಿಗೆ ಬರುತ್ತದೆ. ಅದಕ್ಕೇ ಟಿಪ್ಪಣಿಯಲ್ಲಿ ನಾನು ‘ಕೊಟ್ಟವನು’, ‘ತೆಗೆದುಕೊಂಡವನು’, ‘ಜಾಮೀನಾದವನು’ ಎಂದೇ ಬರೆದುಕೊಳ್ಳುತ್ತೇನೆ.

ಸಿಂಧನೂರಿನ ಒಂದು ಗೊಬ್ಬರದ ಅಂಗಡಿಯನ್ನು ಊಹಿಸಿಕೊಳ್ಳಿ. ಭತ್ತದ ನಾಟಿ ನಡೆದಿದೆ. ಭೀಮಣ್ಣನಿಗೆ ಉದ್ರಿ ಗೊಬ್ಬರ ಬೇಕು. ಜೊತೆಗೆ ಬಂದ ಅವನ ಸೋದರಮಾವ ಶರಣಪ್ಪ ಹೇಳುತ್ತಾನೆ: “ಸಾವ್ಕಾರ್ರ, ನಮ್ಮ ಅಳಿಯಗ ಅರವತ್ತು ಸಾವಿರದ ತನಕ ಮಾಲು ಕೊಡ್ರಿ. ಸುಗ್ಗಿಗೆ ಅವ ಕೊಡಲಿಲ್ಲಂದ್ರ ನಾ ಕೊಡ್ತೀನಿ.”

ಇದು ಕಲಂ 126ರ ಗ್ಯಾರಂಟಿ. ಸಾಲ ಭೀಮಣ್ಣನದು, ಅವನು ತಪ್ಪಿದರೆ ಮಾತ್ರ ಶರಣಪ್ಪನ ಹೊಣೆ ಎದ್ದು ನಿಲ್ಲುತ್ತದೆ. ಬರವಣಿಗೆ ಬೇಕೆಂದಿಲ್ಲ, ಬಾಯಿಮಾತಿನ ಗ್ಯಾರಂಟಿಯೂ ನಮ್ಮ ಕಾಯ್ದೆಯಲ್ಲಿ ನಡೆಯುತ್ತದೆ. ಶರಣಪ್ಪನಿಗೆ ನೇರವಾಗಿ ಏನೂ ಸಿಗಲಿಲ್ಲವಲ್ಲ, ಪ್ರತಿಫಲ ಎಲ್ಲಿ ಎಂಬ ಪ್ರಶ್ನೆಗೆ ಕಲಂ 127 ಉತ್ತರ ಕೊಡುತ್ತದೆ: ಭೀಮಣ್ಣನಿಗೆ ಸಿಕ್ಕ ಗೊಬ್ಬರವೇ ಸಾಕು.

ಅದೇ ಶರಣಪ್ಪ “ಅವನಿಗೆ ಕೊಡ್ರಿ, ನಿಮಗ ನಷ್ಟ ಆಗದಂಗ ನಾ ನೋಡ್ಕೋತೀನಿ” ಎಂದಿದ್ದರೆ? ಇಲ್ಲಿ ‘ಅವನು ಕೊಡದಿದ್ದರೆ’ ಎಂಬ ಷರತ್ತೇ ಇಲ್ಲ. ಹೊಣೆ ಮೊದಲಿಂದಲೇ ಶರಣಪ್ಪನದು. ಇಂಥ ಮಾತನ್ನು ಪಠ್ಯಗಳು ಇಂಡೆಮ್ನಿಟಿಯ ಕಡೆಗೆ, ಅಂದರೆ ಕಲಂ 124ರ ಕಡೆಗೆ ಇಡುತ್ತವೆ. ಆ ಕಲಮಿನ ಕರಾರಿನಲ್ಲಿ ಇಬ್ಬರೇ: ನಷ್ಟ ತುಂಬಿಕೊಡುವವನು, ತುಂಬಿಸಿಕೊಳ್ಳುವವನು.

ಈಗ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ. “ಗ್ಯಾರಂಟಿ ಕರಾರಿನಲ್ಲಿ ನಷ್ಟ ತುಂಬಿಕೊಡುವ ಅಂತರ್ಗತ ವಾಗ್ದಾನ ಯಾರದು, ಯಾರಿಗೆ?” ಆಯ್ಕೆಗಳಲ್ಲಿ ‘ಜಾಮೀನುದಾರನದು, ಸಾಲ ಕೊಟ್ಟವನಿಗೆ’ ಎಂಬುದು ಕಣ್ಣಿಗೆ ಹಿತವಾಗಿ ಕಾಣುತ್ತದೆ, ಏಕೆಂದರೆ ದುಡ್ಡು ತೆರುವವನು ಅವನೇ. ಆದರೆ ಅದು ಅಂತರ್ಗತವಲ್ಲ, ಅಂಗಡಿಯಲ್ಲಿ ನಿಂತು ಬಾಯಿ ಬಿಟ್ಟು ಹೇಳಿದ ಮಾತು. ಹೇಳದೆಯೇ ಇರುವ ಮಾತು ಭೀಮಣ್ಣನದು, ಶರಣಪ್ಪನಿಗೆ: ‘ನನ್ನ ಸಲುವಾಗಿ ನೀನು ಕಟ್ಟಿದರೆ ನಿನಗೆ ನಾನು ತುಂಬಿಕೊಡುತ್ತೇನೆ.’ ಇದು ಕಲಂ 145. ಒಂದು ಗ್ಯಾರಂಟಿಯ ಹೊಟ್ಟೆಯೊಳಗೆ ಒಂದು ಇಂಡೆಮ್ನಿಟಿ ಕೂತಿರುತ್ತದೆ. ಗೊಂದಲದ ಬೇರು ಇಲ್ಲೇ ಇದೆ ಎಂದು ನನ್ನ ಅನಿಸಿಕೆ. ನಾನು ಆಯ್ಕೆ ಓದುವ ಮೊದಲು ಹಾಳೆಯ ಅಂಚಿನಲ್ಲಿ ಮೂರು ಚುಕ್ಕೆ ಇಟ್ಟು, ಮಾತು ಯಾರಿಂದ ಯಾರಿಗೆ ಹೋಯಿತು ಎಂದು ಬಾಣ ಎಳೆಯುತ್ತೇನೆ. ಶರಣಪ್ಪನಿಂದ ಸಾವ್ಕಾರನಿಗೆ ಹೋದ ಬಾಣ 126, ಭೀಮಣ್ಣನಿಂದ ಶರಣಪ್ಪನಿಗೆ ಬಂದದ್ದು 145.

ಈ ಕಲಮಿಗೆ ಒಂದು ಮಿತಿಯಿದೆ, ಲೆಕ್ಕದ ಪ್ರಶ್ನೆ ಬರುವುದು ಅಲ್ಲಿಂದ. ಭೀಮಣ್ಣ ಒಯ್ದ ಗೊಬ್ಬರ 48,000 ರೂಪಾಯಿಯದು, ಸುಗ್ಗಿಯಲ್ಲಿ ಏನೂ ಕೊಡಲಿಲ್ಲ. ಸಾವ್ಕಾರ 60,000 ಕೇಳಿದ, ಶರಣಪ್ಪ ಬಿಲ್ಲು ನೋಡದೆ ಕೊಟ್ಟ. ಅಳಿಯನಿಂದ ಅವನು ವಸೂಲಿ ಮಾಡಬಹುದಾದದ್ದು 48,000 ಮಾತ್ರ. ಜಾಮೀನುದಾರ ನ್ಯಾಯವಾಗಿ ಕೊಟ್ಟದ್ದಷ್ಟೇ ವಾಪಸ್ಸು ಬರುತ್ತದೆ. 60,000 ಎಂಬುದು ಮೇಲ್ಮಿತಿ, ಸಾಲವಲ್ಲ. ಕಾಯ್ದೆ ಸ್ವತಃ ಕೊಡುವ ಉದಾಹರಣೆಯೂ ಇಂಥದ್ದೇ, ಅಕ್ಕಿಗೆ 2,000 ರೂಪಾಯಿಯ ತನಕ ಕೊಟ್ಟ ಗ್ಯಾರಂಟಿಯದು. ತಪ್ಪಿ ಕೊಟ್ಟ 12,000ವನ್ನು ಶರಣಪ್ಪ ಕೇಳಬೇಕಾದದ್ದು ಸಾವ್ಕಾರನನ್ನು, ಕಲಂ 72ರ ಅಡಿಯಲ್ಲಿ.

‘ಸಾವ್ಕಾರ ಮೊದಲು ಭೀಮಣ್ಣನ ಮೇಲೆ ದಾವೆ ಹೂಡಲೇಬೇಕು’ ಎಂಬ ಆಯ್ಕೆ ಬಂದರೆ ಹೊಡೆದುಹಾಕಿ. ಕಲಂ 128ರಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲ ತೆಗೆದುಕೊಂಡವನ ಹೊಣೆಯಷ್ಟೇ ವಿಸ್ತಾರದ್ದು. 1969ರ ಬ್ಯಾಂಕ್ ಆಫ್ ಬಿಹಾರ್ ವಿರುದ್ಧ ದಾಮೋದರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಭೀಮಣ್ಣ ತಪ್ಪಬೇಕು ನಿಜ, ಆದರೆ ಅವನ ಮೇಲೆ ಕೋರ್ಟಿಗೆ ಹೋಗಿ ಬರುವವರೆಗೆ ಸಾವ್ಕಾರ ಕಾಯಬೇಕಿಲ್ಲ.

ಇನ್ನೊಂದು ಬಲೆ ಹಣ ಕಟ್ಟಿದ ನಂತರದ್ದು. ‘ಹಣ ಕೊಟ್ಟ ಜಾಮೀನುದಾರ ಮೂಲ ಸಾಲಗಾರನ ಸ್ಥಾನಕ್ಕೆ ಬರುತ್ತಾನೆ’ ಎಂಬ ಆಯ್ಕೆ ಇರುತ್ತದೆ. ಬಾಣ ಎಳೆದು ನೋಡಿ: ಸಾವ್ಕಾರನ ಸಾಲ ತೀರಿತು, ಅವನು ಹೊರಗೆ ಹೋದ. ಆ ಜಾಗದಲ್ಲಿ ಈಗ ಶರಣಪ್ಪ ನಿಲ್ಲುತ್ತಾನೆ, ಕಲಂ 140. ಗೊಬ್ಬರ ಒಯ್ಯುವಾಗ ಭೀಮಣ್ಣ ಸಾವ್ಕಾರನ ಹತ್ತಿರ ಬಂಗಾರದ ಸರ ಅಡವಿಟ್ಟಿದ್ದರೆ, ಶರಣಪ್ಪನಿಗೆ ಅದು ತಿಳಿದಿರಲಿ ಬಿಡಲಿ, ಕಲಂ 141ರಂತೆ ಆ ಸರದ ಮೇಲಿನ ಹಕ್ಕು ಅವನಿಗೆ ಬರುತ್ತದೆ. ಭೀಮಣ್ಣ 48,000 ಕೊಡುವ ತನಕ ಸರ ಮಾವನ ಹತ್ತಿರವೇ ಇರಬಹುದು.