ಕೊಳಕುಮಂಡಲದ ವಿಷದಿಂದ ಪ್ರತಿಕಾಯದ ಪತ್ತೆ

ಲೂಪಸ್ ಆ್ಯಂಟಿಕೋಯಾಗುಲಂಟ್ ಎಂಬ ಪ್ರತಿಕಾಯ ಪರೀಕ್ಷಾನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡಮಾಡುತ್ತದೆ. ದೇಹದೊಳಗೆ ಅದರ ನಡೆ ತಿರುವುಮುರುವು: ಕಾಲಿನ ರಕ್ತನಾಳಗಳಲ್ಲಿ ಹೆಪ್ಪು ಕಟ್ಟಿಸುತ್ತದೆ, ಪದೇ ಪದೇ ಗರ್ಭಪಾತಕ್ಕೂ ಕಾರಣವಾಗಬಹುದು. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ರೋಗವೇ ಇಲ್ಲದವರಲ್ಲೂ ಇದು ಕಾಣಿಸಿಕೊಳ್ಳುತ್ತದೆ.

ಇದನ್ನು ಹಿಡಿಯಲು ಪ್ರಯೋಗಾಲಯಗಳು ನೆಚ್ಚಿಕೊಂಡಿರುವುದು ನಮ್ಮ ಹೊಲಗದ್ದೆಗಳ ಕೊಳಕುಮಂಡಲದ ವಿಷವನ್ನು. ಆ ವಿಷ ಹೆಪ್ಪುಗಟ್ಟುವ ಸರಪಳಿಯ ಮೊದಲ ಕೊಂಡಿಗಳನ್ನೆಲ್ಲ ದಾಟಿ ನೇರವಾಗಿ ಹತ್ತನೆಯ ಅಂಶ ಎಂಬ ಪ್ರೋಟೀನನ್ನು ಚುರುಕುಗೊಳಿಸುತ್ತದೆ. ಅಲ್ಲಿಂದ ಮುಂದಿನ ಕ್ರಿಯೆ ಸರಾಗವಾಗಿ ಸಾಗಲು ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಮೇಲ್ಮೈ ಬೇಕು. ಪ್ರತಿಕಾಯ ಅಡ್ಡಗಟ್ಟುವುದು ಆ ಮೇಲ್ಮೈಯನ್ನೇ. ಅದಕ್ಕಾಗಿಯೇ ಪರೀಕ್ಷೆಯಲ್ಲಿ ವಿಷವನ್ನೂ ಫಾಸ್ಫೋಲಿಪಿಡ್ ಅನ್ನೂ ತೆಳುಗೊಳಿಸಿರುತ್ತಾರೆ. ಜಾಗ ಕಡಿಮೆಯಾದಷ್ಟೂ ಅಡ್ಡಿ ಎದ್ದು ಕಾಣುತ್ತದೆ.

ಕಾಲಿನಲ್ಲಿ ಹೆಪ್ಪುಗಟ್ಟಿದ, ಇನ್ನೂ ಯಾವ ಔಷಧವನ್ನೂ ಆರಂಭಿಸದ ಯುವತಿಯೊಬ್ಬರ ಪ್ಲಾಸ್ಮಾ ಪರೀಕ್ಷೆಗೆ ಬಂದಿದೆ ಎಂದುಕೊಳ್ಳೋಣ. ಮೊದಲ ಹಂತದಲ್ಲಿ ಅದು ಹೆಪ್ಪುಗಟ್ಟಲು 62 ಸೆಕೆಂಡು ಬೇಕಾಯಿತು. ಹಲವು ಆರೋಗ್ಯವಂತರಿಂದ ಕೂಡಿಸಿದ ಪ್ಲಾಸ್ಮಾಕ್ಕೆ 36 ಸಾಕಾಯಿತು. ಅನುಪಾತ 1.72. ಅನೇಕ ಪ್ರಯೋಗಾಲಯಗಳ ಮಿತಿ 1.2ರ ಆಸುಪಾಸಿನಲ್ಲಿರುತ್ತದೆ, ಆದರೂ ಪ್ರತಿ ಪ್ರಯೋಗಾಲಯವೂ ತನ್ನ ಮಿತಿಯನ್ನು ತಾನೇ ಗೊತ್ತುಮಾಡಿಕೊಳ್ಳಬೇಕು.

ತಡವಾದದ್ದು ಯಾವುದೋ ಅಂಶದ ಕೊರತೆಯಿಂದಲೂ ಇರಬಹುದಲ್ಲವೇ? ಅದಕ್ಕೇ ಎರಡನೆಯ ಹಂತ: ಎರಡೂ ಪ್ಲಾಸ್ಮಾಗಳನ್ನು ಸಮಪಾಲಿನಲ್ಲಿ ಬೆರೆಸುವುದು. ಕೊರತೆಯಿದ್ದರೆ ಆರೋಗ್ಯವಂತರ ಪಾಲು ಅದನ್ನು ತುಂಬಿಕೊಡುತ್ತದೆ. ಇಲ್ಲಿ ಮಿಶ್ರಣಕ್ಕೂ 50 ಸೆಕೆಂಡು ಬೇಕಾಯಿತು, ಅಂದರೆ ಯಾವುದೋ ತಡೆಕಾರಕ ಇದೆ. ಈ ಹಂತವನ್ನು ಕಣ್ಣುಮುಚ್ಚಿ ನಂಬಬಾರದು. ಬೆರೆಸಿದಾಗ ಪ್ರತಿಕಾಯವೂ ಅರ್ಧಕ್ಕಿಳಿಯುತ್ತದೆ, ದುರ್ಬಲವಾದದ್ದು ಸರಿಹೋದಂತೆ ಕಂಡು ತಪ್ಪಿಸಿಕೊಳ್ಳುತ್ತದೆ.

ಮೂರನೆಯದು ದೃಢೀಕರಣ. ಈಗ ಫಾಸ್ಫೋಲಿಪಿಡ್ ಅನ್ನು ಧಾರಾಳವಾಗಿ ಹಾಕುತ್ತಾರೆ. ಪ್ರತಿಕಾಯಕ್ಕೆ ಸಿಕ್ಕಿದ್ದು ಹೋಗಿಯೂ ಸಾಕಷ್ಟು ಮೇಲ್ಮೈ ಉಳಿಯುತ್ತದೆ. ಯುವತಿಯ ಪ್ಲಾಸ್ಮಾ 40 ಸೆಕೆಂಡಿಗೆ ಇಳಿಯಿತು, ಆರೋಗ್ಯವಂತರದು 34ಕ್ಕೆ, ಅನುಪಾತ 1.18. ಮೊದಲಿನ 1.72 ಅನ್ನು ಇದರಿಂದ ಭಾಗಿಸಿದರೆ ಸುಮಾರು 1.46. ಮಿತಿ ದಾಟಿದೆ, ಆದ್ದರಿಂದ ತಡೆ ಫಾಸ್ಫೋಲಿಪಿಡ್ ಅನ್ನೇ ಅವಲಂಬಿಸಿದೆ.

ಇಷ್ಟೆಲ್ಲ ಲೆಕ್ಕವನ್ನು ಕೆಡಿಸಲು ಅಜಾಗರೂಕತೆಯ ಒಂದು ಸುತ್ತು ಸಾಕು. ಪ್ಲಾಸ್ಮಾದಲ್ಲಿ ಪ್ಲೇಟ್‌ಲೆಟ್‌ಗಳು ಉಳಿದಿದ್ದರೆ, ಘನೀಕರಿಸಿ ಕರಗಿಸುವಾಗ ಅವು ಒಡೆದು ತಮ್ಮದೇ ಫಾಸ್ಫೋಲಿಪಿಡ್ ಅನ್ನು ಬೆರೆಸಿ ಪ್ರತಿಕಾಯವನ್ನು ಮರೆಮಾಚುತ್ತವೆ. ಅದಕ್ಕಾಗಿ ಮಾದರಿಯನ್ನು ಎರಡು ಬಾರಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಲೇಬೇಕು. ಹೆಪ್ಪುಗಟ್ಟುವುದನ್ನು ತಡೆಯಲು ಕೊಡುವ ರಿವರೊಕ್ಸಬಾನ್‌ನಂಥ ಔಷಧದ ತೊಂದರೆ ಇದಕ್ಕೆ ವಿರುದ್ಧವಾದದ್ದು: ಅದು ಸಕ್ರಿಯಗೊಂಡ ಹತ್ತನೆಯ ಅಂಶವನ್ನೇ ತಡೆಯುವುದರಿಂದ ಇಲ್ಲದ ಪ್ರತಿಕಾಯವೂ ಇದ್ದಂತೆ ಕಾಣಬಹುದು. ರೋಗಿ ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ಕೋರಿಕೆ ಚೀಟಿಯಲ್ಲಿ ಬರೆಯದೆ ಮಾದರಿ ಕಳಿಸುವುದನ್ನು ನಾನು ಒಪ್ಪಲಾರೆ.

ಸೋಂಕಿನ ಬೆನ್ನಿಗೆ ಈ ಪ್ರತಿಕಾಯ ಬಂದು ಕೆಲವು ವಾರಗಳಲ್ಲಿ ಮಾಯವಾಗುವುದೂ ಉಂಟು. ಹಾಗಾಗಿ ಯುವತಿಯ ಮಾದರಿಯನ್ನು ಕನಿಷ್ಠ 12 ವಾರಗಳ ನಂತರ ಮತ್ತೆ ಪರೀಕ್ಷಿಸಬೇಕು.