“ಹಲೋ ಹಲೋ, ಟೆಸ್ಟಿಂಗ್ ಒನ್ ಟೂ” ಎಂದು ಚಾಟ್‌ನಲ್ಲಿ ಬಂದಾಗ

ಗ್ರಾಹಕ ಸೇವೆಯ ಚಾಟ್‌ನಲ್ಲಿ ಅಂದು ಬಂದ ಮೊದಲ ಸಾಲು ಇಷ್ಟೇ: “ಹಲೋ ಹಲೋ ಟೆಸ್ಟಿಂಗ್ ಒನ್ ಟೂ”. ಉತ್ತರಿಸುವ ಸರದಿ ನಮ್ಮ ತಂಡಕ್ಕೆ ಹೊಸದಾಗಿ ಸೇರಿದ್ದ ಸಹೋದ್ಯೋಗಿಯೊಬ್ಬರದು. ಅವರು ಕ್ಷಣವೂ ತಡಮಾಡದೆ, “ಹೌದು, ನಿಮ್ಮ ಧ್ವನಿ ಸ್ಪಷ್ಟವಾಗಿ ಕೇಳಿಸುತ್ತಿದೆ, ಹೇಳಿ” ಎಂದು ಬರೆದರು. ಮೈಕ್ ಪರೀಕ್ಷೆಗೆ ಯಾರೇ ಆದರೂ ಕೊಡುವ ಉತ್ತರವದು. ಆದರೆ ಅದಾದ ಮೇಲೆ ಆ ಕಡೆಯಿಂದ ಒಂದಕ್ಷರವೂ ಬರಲಿಲ್ಲ. ನಿಗದಿತ ಸಮಯ ಕಳೆಯಿತು, ಪ್ರತಿಕ್ರಿಯೆ ಇಲ್ಲವೆಂದು ಚಾಟ್ ತಾನಾಗಿಯೇ ಮುಚ್ಚಿಕೊಂಡಿತು.

ಅರ್ಧ ಗಂಟೆಯ ನಂತರ ಅದೇ ಗ್ರಾಹಕರು ಮತ್ತೆ ಬಂದರು. ಈ ಬಾರಿ ಕೈಯಿಂದಲೇ, ಒಂದೊಂದೇ ಅಕ್ಷರ ಹುಡುಕಿ ಬರೆದಿದ್ದರು. ಬಟ್ಟೆ ಒಗೆಯುವ ಯಂತ್ರದಿಂದ ನೀರು ಹೊರಗೆ ಹೋಗುತ್ತಿಲ್ಲ ಎಂಬುದು ಅವರ ದೂರು. ಮೊದಲ ಬಾರಿ ಅವರು ಕೀಲಿಮಣೆಯ ಮೇಲಿರುವ ಮೈಕ್ ಗುರುತನ್ನು ಒತ್ತಿ ಮಾತನಾಡಿದ್ದರು, ಮೂಡಿದ ಅಕ್ಷರಗಳನ್ನು ಕಳುಹಿಸಿದ್ದರು. “ಕೇಳಿಸುತ್ತಿದೆ” ಎಂಬ ಉತ್ತರ ಬಂದ ಕೂಡಲೇ ಇದು ಫೋನ್ ಕರೆಯಂತೆಯೇ ತೆರೆದಿದೆ ಎಂದು ನಂಬಿದರು. ಸಮಸ್ಯೆಯನ್ನೆಲ್ಲ ಬಾಯಿಬಿಟ್ಟು ವಿವರಿಸಿದರು. ಸಾಲದ್ದಕ್ಕೆ ಯಂತ್ರವನ್ನು ಚಾಲೂ ಮಾಡಿ, ಅದರ ಗುರುಗುಟ್ಟುವ ಸದ್ದು ನಮಗೂ ಕೇಳಲಿ ಎಂದು ಮೊಬೈಲನ್ನು ಅದರ ಪಕ್ಕಕ್ಕೆ ಹಿಡಿದಿದ್ದರು. ಅಷ್ಟು ಹೊತ್ತಿಗಾಗಲೇ ಧ್ವನಿ ಟೈಪಿಂಗ್ ನಿಂತುಹೋಗಿತ್ತು. ನಮ್ಮ ಪರದೆಯಲ್ಲಿ ಖಾಲಿ ಜಾಗ, ಅವರ ಮನೆಯಲ್ಲಿ ಯಂತ್ರದ ಸದ್ದು.

ಆ ಸಹೋದ್ಯೋಗಿ ಸುಳ್ಳು ಹೇಳಬೇಕೆಂದು ಹೇಳಿದವರಲ್ಲ. ಆದರೂ ಅವರ ಉತ್ತರ ಸುಳ್ಳೇ ಆಗಿತ್ತು, ಏಕೆಂದರೆ ನಮಗೆ ಏನೂ ಕೇಳಿಸುತ್ತಿರಲಿಲ್ಲ. ತಲುಪಿದ್ದು ಧ್ವನಿಯಲ್ಲ, ಅಕ್ಷರ. ಇಂಥ ಸಾಲಿಗೆ ಉತ್ತರಿಸುವಾಗ ನಾನು ಕಲಿಸುವ ಮುಖ್ಯ ಸಂಗತಿ ಇದೊಂದೇ: ತಲುಪಿತು ಎಂದಷ್ಟೇ ಹೇಳಿದರೆ ಸಾಲದು, ಯಾವ ರೂಪದಲ್ಲಿ ತಲುಪಿತು ಎಂಬುದನ್ನೂ ಹೇಳಬೇಕು.

ವೇದಿಕೆಯ ಮೇಲೆ “ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ” ಎನ್ನುವಾಗ ಆ ಪದಗಳಿಗೆ ಅರ್ಥ ಇರಬೇಕಾಗಿಲ್ಲ. ಧ್ವನಿವರ್ಧಕದವರು ಕಿವಿಗೊಡುವುದು ಸದ್ದಿನ ಮಟ್ಟಕ್ಕೆ, “ಸ್” ಎನ್ನುವಾಗ ಕಿವಿಗೆ ಚುಚ್ಚುತ್ತದೆಯೇ, “ಪ” ಎನ್ನುವಾಗ ಉಸಿರು ಮೈಕಿಗೆ ಬಡಿಯುತ್ತದೆಯೇ ಎಂಬುದಕ್ಕೆ. ಅದೇ ಮಾತು ಅಕ್ಷರವಾಗಿ ಬಂದಾಗ ಆ ಗುಣಗಳೆಲ್ಲ ಸೋರಿಹೋಗಿರುತ್ತವೆ. ಅರ್ಥವಿಲ್ಲದ ಪದಗಳಷ್ಟೇ ಉಳಿಯುತ್ತವೆ, ಓದುವವರು ಅದರಲ್ಲಿ ಇಲ್ಲದ ಅರ್ಥವನ್ನು ಹುಡುಕತೊಡಗುತ್ತಾರೆ. ಗೊಂದಲ ಶುರುವಾಗುವುದು ಅಲ್ಲಿ.

ಅದರಲ್ಲೂ ಅಂಕಿಗಳು ಬಂದಾಗ. ಧ್ವನಿ ಟೈಪಿಂಗ್ ಅನೇಕ ಸಲ “ಒನ್ ಟೂ” ಎಂಬುದನ್ನು ಪದಗಳಾಗಿ ಬಿಡುವುದಿಲ್ಲ, 1 2 ಎಂದು ಅಂಕಿಯಾಗಿಸುತ್ತದೆ. ಕೆಲವೊಮ್ಮೆ ನಡುವಿನ ಜಾಗವನ್ನೂ ನುಂಗಿ 12 ಎಂದು ಬರೆಯುತ್ತದೆ. ಹಾಗಾದಾಗ “ಹಲೋ ಟೆಸ್ಟಿಂಗ್ 12” ಎಂಬ ಸಾಲು ಬರುತ್ತದೆ, ಉತ್ತರಿಸುವವರು “12 ಎಂದರೆ ನಿಮ್ಮ ದೂರಿನ ಸಂಖ್ಯೆಯೇ?” ಎಂದು ಕೇಳುತ್ತಾರೆ. ಗ್ರಾಹಕರಿಗೆ ತಾವು 12 ಎಂದು ಹೇಳಿದ್ದೇ ಗೊತ್ತಿರುವುದಿಲ್ಲ. ಆದ್ದರಿಂದ “ಟೆಸ್ಟಿಂಗ್” ಪದದ ಬೆನ್ನಿಗೆ ಬಂದ 1, 2, 12, 123 ಇವುಗಳಲ್ಲಿ ಯಾವುದನ್ನೂ ನಾವು ಮಾಹಿತಿಯೆಂದು ಬರೆದುಕೊಳ್ಳುವುದಿಲ್ಲ. ನಿಜಕ್ಕೂ ಅದು ದೂರಿನ ಸಂಖ್ಯೆಯಾಗಿದ್ದರೆ ಮುಂದಿನ ಮಾತಿನಲ್ಲಿ ಮತ್ತೆ ಬಂದೇ ಬರುತ್ತದೆ.

ಇಂಥ ಸಾಲು ಬಾಯಿಂದ ಬಂದದ್ದೋ ಕೈಯಿಂದ ಬಂದದ್ದೋ ಎಂಬುದನ್ನು ಬಹುಮಟ್ಟಿಗೆ ಅದರ ರೂಪದಿಂದಲೇ ಊಹಿಸಬಹುದು. ಕೈಯಿಂದ ಪರೀಕ್ಷಿಸುವವರು ಸಾಮಾನ್ಯವಾಗಿ “ಟೆಸ್ಟ್” ಎಂದೋ “ಹಾಯ್” ಎಂದೋ ಒಂದು ಪದ ಕುಟ್ಟಿ ಕಳುಹಿಸುತ್ತಾರೆ. “ಹಲೋ ಹಲೋ ಹಲೋ” ಎಂದು ಮೂರು ಸಲ ಟೈಪ್ ಮಾಡುವ ಶ್ರಮ ಯಾರೂ ಪಡುವುದಿಲ್ಲ, ಅದು ಬಾಯಿಯ ಅಭ್ಯಾಸ. ವಿರಾಮ ಚಿಹ್ನೆ ಇಲ್ಲದಿದ್ದರೂ ಪ್ರತಿ ಪದದ ಕಾಗುಣಿತ ಸರಿಯಾಗಿರುವುದು ಇನ್ನೊಂದು ಸುಳಿವು. ಅವಸರದಲ್ಲಿ ಬೆರಳು ತಪ್ಪುತ್ತದೆ, ಧ್ವನಿ ಟೈಪಿಂಗ್ ಕಾಗುಣಿತ ತಪ್ಪುವುದಿಲ್ಲ, ಬೇಕಾದರೆ ಇಡೀ ಪದವನ್ನೇ ತಪ್ಪಾಗಿ ಆರಿಸುತ್ತದೆ. ಇದು ಊಹೆಯೇ ಹೊರತು ನಿಶ್ಚಯವಲ್ಲ. ಹಾಗಾಗಿ ಎರಡೂ ಸಂದರ್ಭಗಳಿಗೆ ಹೊಂದುವಂಥ ಉತ್ತರವನ್ನೇ ಕೊಡಬೇಕು.

ಆ ಘಟನೆಯ ನಂತರ ನಮ್ಮ ತಂಡ ಬಳಸುತ್ತಿರುವ ಉತ್ತರ ಇದು: “ನಮಸ್ಕಾರ. ‘ಹಲೋ ಹಲೋ ಟೆಸ್ಟಿಂಗ್ ಒನ್ ಟೂ’ ಎಂಬ ಬರಹ ನಮಗೆ ತಲುಪಿದೆ. ಇಲ್ಲಿ ಧ್ವನಿ ಕೇಳಿಸುವುದಿಲ್ಲ, ಬರಹ ಮಾತ್ರ ಕಾಣುತ್ತದೆ. ನೀವು ಮಾತನಾಡಿ ಬರೆಸುತ್ತಿದ್ದರೆ ಹಾಗೆಯೇ ಮುಂದುವರಿಸಬಹುದು. ಒಂದೊಂದು ವಾಕ್ಯವಾದ ಮೇಲೆ ಕಳುಹಿಸುವ ಗುಂಡಿ ಒತ್ತಿ. ಏನು ತೊಂದರೆಯಾಗಿದೆ?”

ಇದರ ಪ್ರತಿ ಮಾತಿಗೂ ಕಾರಣವಿದೆ. ಬಂದ ಸಾಲನ್ನು ಇದ್ದ ಹಾಗೆಯೇ ಉದ್ಧರಿಸಿದರೆ ತಮ್ಮ ಮಾತು ಯಾವ ರೂಪ ತಾಳಿತು ಎಂಬುದು ಗ್ರಾಹಕರಿಗೆ ಕಾಣುತ್ತದೆ. 12 ಎಂದು ಬಂದಿದ್ದರೆ ನಾವೂ 12 ಎಂದೇ ಬರೆಯುತ್ತೇವೆ. “ಧ್ವನಿ ಕೇಳಿಸುವುದಿಲ್ಲ” ಎಂದು ನೇರವಾಗಿ ಹೇಳಿದ್ದರೆ ಯಂತ್ರದ ಪಕ್ಕ ಮೊಬೈಲ್ ಹಿಡಿಯುವ ಪ್ರಸಂಗವೇ ಬರುತ್ತಿರಲಿಲ್ಲ. “ಹಾಗೆಯೇ ಮುಂದುವರಿಸಬಹುದು” ಎಂಬ ಮಾತನ್ನಂತೂ ನಾನು ಹಟ ಹಿಡಿದು ಸೇರಿಸಿದ್ದೇನೆ. “ದಯವಿಟ್ಟು ಟೈಪ್ ಮಾಡಿ” ಎಂದು ಬರೆಯುವುದು ಸುಲಭ. ಆದರೆ ಕಣ್ಣು ಮಂಜಾದವರು, ಕೈ ನಡುಗುವವರು, ಓದಲು ಬಂದರೂ ಬರೆಯಲು ತಡವರಿಸುವವರು ಮೈಕ್ ಗುರುತನ್ನು ಒತ್ತುವುದು ಬೇರೆ ದಾರಿಯಿಲ್ಲದೆ. ಅವರ ಪಾಲಿಗೆ ಆ ಪರೀಕ್ಷಾ ವಾಕ್ಯ ಕದ ತಟ್ಟಿದ ಸದ್ದು. ಟೈಪ್ ಮಾಡಿ ಎಂದರೆ ಕದ ಹಾಕಿದ ಹಾಗೆ.

ವಾಕ್ಯಕ್ಕೊಮ್ಮೆ ಕಳುಹಿಸಿ ಎನ್ನುವುದಕ್ಕೆ ಕಾರಣ ಮೊಬೈಲಿನ ನಡವಳಿಕೆ. ಬಹಳಷ್ಟು ಫೋನ್‌ಗಳಲ್ಲಿ ಮಾತು ಸ್ವಲ್ಪ ಹೊತ್ತು ನಿಂತರೆ ಧ್ವನಿ ಟೈಪಿಂಗ್ ಸದ್ದಿಲ್ಲದೆ ನಿಂತುಬಿಡುತ್ತದೆ. ಮಾತನಾಡುವವರಿಗೆ ಅದು ತಿಳಿಯುವುದಿಲ್ಲ. ಯೋಚಿಸಲು ಒಂದು ಗಳಿಗೆ ಸುಮ್ಮನಾಗಿ, ಮತ್ತೆ ಶುರುಮಾಡಿದ ಅರ್ಧ ಕತೆ ಗಾಳಿಪಾಲಾಗುತ್ತದೆ. ಚಿಕ್ಕ ವಾಕ್ಯಗಳಾದರೆ ಕಳೆದುಹೋಗುವುದೂ ಚಿಕ್ಕದೇ.

ಒಂದೇ ಪರೀಕ್ಷೆ ನಾಲ್ಕು ಸಂದೇಶಗಳಾಗಿ ಬರುವುದೂ ಉಂಟು. ಮೊದಲು “ಹಲೋ”, ಆಮೇಲೆ “ಹಲೋ ಹಲೋ”, ಆಮೇಲೆ “ಹಲೋ ಹಲೋ ಟೆಸ್ಟಿಂಗ್”, ಕೊನೆಗೆ “ಹಲೋ ಹಲೋ ಟೆಸ್ಟಿಂಗ್ ಒನ್ ಟೂ”. ಮೆಟ್ಟಿಲಿನಂತೆ ಬೆಳೆಯುವ ಈ ಸಾಲುಗಳನ್ನು ಕಂಡು ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಎಂದು ನಮ್ಮವರೊಬ್ಬರು ಚಾಟನ್ನೇ ಮುಚ್ಚಿದ್ದರು. ಗ್ರಾಹಕರ ತಪ್ಪು ಅಲ್ಲಿ ಎಳ್ಳಷ್ಟೂ ಇರಲಿಲ್ಲ. ಜಾಲತಾಣದ ಚಾಟ್ ಪೆಟ್ಟಿಗೆಯಲ್ಲಿಯೇ ಮೈಕ್ ಗುಂಡಿ ಇದ್ದರೆ, ಧ್ವನಿಯನ್ನು ಅಕ್ಷರವಾಗಿಸುವ ವ್ಯವಸ್ಥೆ ಮಾತು ಮುಗಿಯುವ ಮೊದಲೇ ತಾತ್ಕಾಲಿಕ ಊಹೆಗಳನ್ನು ಕೊಡಬಲ್ಲದು. ಬ್ರೌಸರ್‌ನಲ್ಲಿ `interimResults` ಎಂಬ ಆಯ್ಕೆಯನ್ನು ಚಾಲೂ ಮಾಡಿದಾಗ ಹೀಗಾಗುತ್ತದೆ. ಆ ಊಹೆಗಳು ಪೆಟ್ಟಿಗೆಯೊಳಗೆ ಕಾಣಿಸಿದರೆ ಒಳ್ಳೆಯದೇ, ಮಾತನಾಡುವವರಿಗೆ ಧೈರ್ಯ ಬರುತ್ತದೆ. ಆದರೆ ಕಳುಹಿಸಬೇಕಾದದ್ದು ಅಂತಿಮವೆಂದು ಗುರುತಾದದ್ದನ್ನು ಮಾತ್ರ:

```
if (result.isFinal) {
  send(result[0].transcript);
}
```

ನಮ್ಮ ಪೆಟ್ಟಿಗೆಯಲ್ಲಿ ಈ ಷರತ್ತು ಬಿಟ್ಟುಹೋಗಿತ್ತು. ಮೆಟ್ಟಿಲು ಸಾಲು ಕಂಡರೆ ಉತ್ತರಿಸುವವರು ಎರಡು ಕೆಲಸ ಮಾಡಬೇಕು. ಮೊದಲನೆಯದಾಗಿ ಕೊನೆಯ, ಪೂರ್ತಿ ಸಾಲಿಗೆ ಮಾತ್ರ ಒಂದೇ ಉತ್ತರ ಕೊಡಬೇಕು, ನಾಲ್ಕಕ್ಕೂ ನಾಲ್ಕು ಸಲ ನಮಸ್ಕಾರ ಹೇಳಬಾರದು. ಆಮೇಲೆ ಆ ಸಾಲುಗಳನ್ನು ಹಾಗೆಯೇ ನಕಲು ಮಾಡಿ ತಂತ್ರಾಂಶ ನೋಡಿಕೊಳ್ಳುವವರಿಗೆ ಕಳುಹಿಸಬೇಕು. ಅವರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕೆಲವು ಚಾಟ್ ತಂತ್ರಾಂಶಗಳಲ್ಲಿ ಗ್ರಾಹಕರು ಇನ್ನೂ ಕಳುಹಿಸದ, ಪೆಟ್ಟಿಗೆಯಲ್ಲಿ ಮೂಡುತ್ತಿರುವ ಅಕ್ಷರಗಳೂ ಉತ್ತರಿಸುವವರ ಪರದೆಯಲ್ಲಿ ಕಾಣುತ್ತವೆ. ಪರೀಕ್ಷಾ ವಾಕ್ಯವನ್ನು ಅಲ್ಲಿ ಕಂಡರೆ ಉತ್ತರಿಸಬೇಡಿ. ಅವರು ತಮ್ಮಷ್ಟಕ್ಕೆ ಮೈಕ್ ಪರೀಕ್ಷಿಸಿಕೊಂಡು ಅಳಿಸಲು ಹೊರಟಿರಬಹುದು. ಕಳುಹಿಸದ ಮಾತಿಗೆ ಉತ್ತರ ಬಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ.

ಪರೀಕ್ಷೆ ಸರಿಹೋಯಿತು ಎಂದ ಮಾತ್ರಕ್ಕೆ ಮುಂದಿನದೆಲ್ಲ ಸರಿಯಾಗಿ ಬರುತ್ತದೆ ಎಂದೇನೂ ಇಲ್ಲ. “ಹಲೋ”, “ಟೆಸ್ಟಿಂಗ್” ಇವು ಯಾವ ವ್ಯವಸ್ಥೆಯೂ ಸುಲಭವಾಗಿ ಹಿಡಿಯುವ ಪದಗಳು. ಹೆಸರು, ಮಾದರಿ ಸಂಖ್ಯೆ, ವಿಳಾಸ ಬಂದಾಗ ಅದು ಎಡವುತ್ತದೆ. ಬಿ, ಡಿ, ಪಿ ಅಕ್ಷರಗಳು ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ಇಂಗ್ಲಿಷಿನಲ್ಲಿ ಹೇಳಿದ 15 ಮತ್ತು 50 ಅದಲುಬದಲಾಗುತ್ತವೆ. “ನಲವತ್ತು”, ಸ್ವಲ್ಪ ತಡೆದು “ಎರಡು” ಎಂದರೆ 42 ಆಗಬಹುದು, 402 ಕೂಡ ಆಗಬಹುದು. ಹಾಗಾಗಿ ಧ್ವನಿಯಿಂದ ಬರೆಸುತ್ತಿದ್ದಾರೆ ಎಂಬ ಸುಳಿವು ಮೊದಲ ಸಾಲಿನಲ್ಲೇ ಸಿಕ್ಕಿದ್ದರೆ, ಮುಂದೆ ಬರುವ ಪ್ರತಿ ಸಂಖ್ಯೆಯನ್ನೂ ನಾವು ಬಿಡಿ ಅಂಕಿಗಳಾಗಿ ಬರೆದು ತೋರಿಸಿ, ಸರಿಯೇ ಎಂದು ಕೇಳುತ್ತೇವೆ. ನನ್ನ ದೃಷ್ಟಿಯಲ್ಲಿ ಆ ಪರೀಕ್ಷಾ ವಾಕ್ಯದಿಂದ ಸಿಗುವ ದೊಡ್ಡ ಉಪಕಾರವೇ ಈ ಮುನ್ಸೂಚನೆ.

ಬಟ್ಟೆ ಒಗೆಯುವ ಯಂತ್ರದವರ ಎರಡನೆಯ ಚಾಟಿಗೆ ನಾನೇ ಕುಳಿತೆ. ಮೊದಲು ಕ್ಷಮೆ ಕೇಳಿ, “ಕೇಳಿಸುತ್ತಿದೆ” ಎಂದು ನಾವು ಬರೆದದ್ದು ತಪ್ಪು, ಇಲ್ಲಿ ಧ್ವನಿ ಬರುವುದೇ ಇಲ್ಲ ಎಂದು ತಿಳಿಸಿದೆ. ಮಾತನಾಡಿ ಬರೆಸುವುದು ಸಲೀಸು ಎನಿಸಿದರೆ ಹಾಗೆಯೇ ಮಾಡಿ ಎಂದೆ. ಅವರು ಮತ್ತೆ ಮೈಕ್ ಒತ್ತಿದರು. ಮಾದರಿ ಸಂಖ್ಯೆಯ ಕೊನೆಯಲ್ಲಿ 50 ಎಂದು ಬಂತು. “ಐದು, ಸೊನ್ನೆ. ಸರಿಯೇ?” ಎಂದು ಕೇಳಿದೆ. “ಅಲ್ಲ, ಒಂದು ಐದು” ಎಂಬ ಉತ್ತರ ಬಂತು. ದುರಸ್ತಿಗೆ ಹೋಗುವವರ ಚೀಟಿಯಲ್ಲಿ 15 ಎಂದು ಬರೆದೆ.